ಹಳೆಯ ಗ್ರಾಹಕರಿಗೆ ದರ ಏರಿಕೆಯ ಪತ್ರ: ಒಂದು ಪ್ರಕರಣ ಅಧ್ಯಯನ

ಮೈಸೂರಿನಲ್ಲಿದ್ದುಕೊಂಡು ಸ್ವತಂತ್ರವಾಗಿ ಸಾಫ್ಟ್‌ವೇರ್ ನಿರ್ವಹಣೆಯ ಕೆಲಸ ಮಾಡುವ ಎಂಜಿನಿಯರ್ ಒಬ್ಬರು ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ತಯಾರಿಕಾ ಕಾರ್ಖಾನೆಗೆ 2019ರಿಂದ ಸೇವೆ ಒದಗಿಸುತ್ತ ಬಂದಿದ್ದಾರೆ. ಉಗ್ರಾಣದ ದಾಸ್ತಾನು, ಉತ್ಪಾದನೆಯ ದಿನವಹಿ ಮತ್ತು ಬಿಲ್ಲಿಂಗ್ ಇವೆಲ್ಲ ಅವರೇ ಬರೆದುಕೊಟ್ಟ ವ್ಯವಸ್ಥೆಯಲ್ಲಿ ನಡೆಯುತ್ತವೆ. ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ಹಣ. 2021ರ ಏಪ್ರಿಲ್‌ನಲ್ಲಿ ನಿಗದಿಯಾದ 900 ರೂಪಾಯಿಯ ದರ ನಾಲ್ಕು ವರ್ಷ ಕಳೆದರೂ ಹಾಗೆಯೇ ಉಳಿದಿತ್ತು. 2025ರ ಮೇ ತಿಂಗಳ ಕೊನೆಯಲ್ಲಿ ಅದನ್ನು ಏರಿಸುವ ಪತ್ರದ ಕರಡನ್ನು ಅವರು ನನಗೆ ಕಳುಹಿಸಿದರು. ಇಂಥ ಸಣ್ಣ ಸೇವಾದಾರರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ವೃತ್ತಿಯಾದ್ದರಿಂದ, ಕರಡು ಪತ್ರವಾಗಿ, ಪತ್ರ ಬಿಲ್ಲಾಗಿ, ಬಿಲ್ಲು ಹಣವಾಗುವ ತನಕದ ದಾರಿಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಎರಡೂ ಕಡೆಯವರ ಗುರುತು ತಿಳಿಯದಂತೆ ಹೆಸರುಗಳನ್ನು ಬಿಟ್ಟು, ಮೊತ್ತಗಳನ್ನು ಕೊಂಚ ಬದಲಿಸಿ ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಕರಡು ಸೌಜನ್ಯದಿಂದ ಕೂಡಿತ್ತು, ಒಂದು ರೀತಿಯಲ್ಲಿ ಸೌಜನ್ಯವೇ ಅದರ ತೊಡಕಾಗಿತ್ತು. ಕಾರ್ಖಾನೆಯ ಮಾಲೀಕರ ಔದಾರ್ಯವನ್ನು ಸ್ಮರಿಸುವ ಎರಡು ದೀರ್ಘ ಪರಿಚ್ಛೇದಗಳ ನಂತರ, ಮೂರನೆಯದರ ನಡುವೆ, "ಬೆಲೆಗಳೆಲ್ಲ ಏರಿರುವ ಈ ದಿನಗಳಲ್ಲಿ ಅನಿವಾರ್ಯವಾಗಿ ನನ್ನ ದರವನ್ನು ಸುಮಾರು ಶೇ. 20ರಷ್ಟು ಹೆಚ್ಚಿಸಬೇಕಾಗಿ ಬಂದಿದೆ, ದಯವಿಟ್ಟು ಅನ್ಯಥಾ ಭಾವಿಸಬಾರದು" ಎಂಬ ಮಾತು ಬರುತ್ತಿತ್ತು. ಅದರ ಬೆನ್ನಿಗೇ "ಇತರ ಗ್ರಾಹಕರು ಈಗಾಗಲೇ ಗಂಟೆಗೆ 1,300 ಕೊಡುತ್ತಿದ್ದಾರೆ" ಎಂಬ ವಾಕ್ಯವಿತ್ತು. ಬಿಲ್ಲುಗಳನ್ನು ತಡಮಾಡದೆ ಪಾವತಿಸಬೇಕೆಂಬ ಕೋರಿಕೆಯ ನಂತರ, "ಈ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಿ" ಎಂದು ಪತ್ರ ಮುಗಿಯುತ್ತಿತ್ತು. ಹೊಸ ದರ ಎಷ್ಟು ರೂಪಾಯಿ, ಯಾವ ದಿನಾಂಕದಿಂದ, ಯಾವ ಕೆಲಸಕ್ಕೆ ಎಂಬುದು ಎಲ್ಲಿಯೂ ಇರಲಿಲ್ಲ. "ಮುಂದಿನ ಬಿಲ್ಲಿನಿಂದ" ಎಂದಷ್ಟೇ ಇತ್ತು.

ಈ ಕೊನೆಯ ಲೋಪವೇ ಎಲ್ಲಕ್ಕಿಂತ ದೊಡ್ಡದು. ಈ ಕಾರ್ಖಾನೆಯ ಬಿಲ್ಲಿಂಗ್ ಅವಧಿ ಪ್ರತಿ ತಿಂಗಳ 26ರಿಂದ ಮರುತಿಂಗಳ 25ರವರೆಗೆ, ಏಕೆಂದರೆ ಅಲ್ಲಿ ಹಾಜರಿ ಮತ್ತು ಓವರ್‌ಟೈಮ್ ಲೆಕ್ಕವನ್ನು 25ಕ್ಕೆ ಮುಚ್ಚುತ್ತಾರೆ. ಬಿಲ್ಲು ಹೋಗುವುದು ಮರುತಿಂಗಳ ಮೊದಲ ವಾರದಲ್ಲಿ. ಹೀಗಿರುವಾಗ ಜುಲೈ ಮೊದಲ ವಾರದಲ್ಲಿ ಹೋಗುವ ಬಿಲ್ಲಿನಲ್ಲಿರುವುದು ಮೇ 26ರಿಂದ ಜೂನ್ 25ರವರೆಗಿನ ಗಂಟೆಗಳು, ಅಂದರೆ ಪತ್ರ ತಲುಪುವ ಮೊದಲೇ ಮಾಡಿ ಮುಗಿಸಿದ ಕೆಲಸವೂ ಅದರಲ್ಲಿ ಸೇರಿರುತ್ತದೆ. "ಮುಂದಿನ ಬಿಲ್ಲಿನಿಂದ" ಎಂದು ಬರೆದರೆ ಆ ಗಂಟೆಗಳಿಗೂ ಹೊಸ ದರ ಹಾಕಿದಂತಾಗುತ್ತದೆ. ಹಾಕದಿದ್ದರೆ ಬರೆದದ್ದಕ್ಕೂ ಮಾಡಿದ್ದಕ್ಕೂ ಹೊಂದಿಕೆ ಇರುವುದಿಲ್ಲ. ಹಿಂದಿನ ದಿನಾಂಕಕ್ಕೆ ಸರಿಯುವ ಏರಿಕೆಯನ್ನು, ಅದೆಷ್ಟೇ ಸಣ್ಣದಿರಲಿ, ಯಾವ ವ್ಯಾಪಾರಸ್ಥರೂ ಸಹಿಸುವುದಿಲ್ಲ, ಸಹಿಸಬೇಕಾದ ಕಾರಣವೂ ಇಲ್ಲ. ಹಾಗಾಗಿ ದರ ಬದಲಾಗುವುದು ಬಿಲ್ಲಿನ ದಿನಾಂಕಕ್ಕೆ ತಕ್ಕಂತೆ ಅಲ್ಲ, ಕೆಲಸ ಮಾಡಿದ ದಿನಾಂಕಕ್ಕೆ ತಕ್ಕಂತೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆವು, ಆಮೇಲೆ ಮಿಕ್ಕ ವಾಕ್ಯಗಳಿಗೆ ಕೈಹಾಕಿದೆವು.

ಎರಡನೆಯದಾಗಿ ಪರ್ಚೇಸ್ ಆರ್ಡರನ್ನು ಹೊರತೆಗೆದು ನೋಡಲು ಹೇಳಿದೆ. ಮಾಲೀಕರೊಂದಿಗೆ ನೇರ ಪರಿಚಯವಿರುವ ಸೇವಾದಾರರು ಸಾಮಾನ್ಯವಾಗಿ ಈ ಕಾಗದವನ್ನು ಒಂದು ಔಪಚಾರಿಕತೆ ಎಂದು ಭಾವಿಸಿ ಮರೆತಿರುತ್ತಾರೆ, ಆದರೆ ಕಾರ್ಖಾನೆಯ ಲೆಕ್ಕಪತ್ರ ವಿಭಾಗದವರಿಗೆ ದರ ಎಂದರೆ ಪಿಒದಲ್ಲಿ ಅಚ್ಚಾಗಿರುವ ಅಂಕಿಯೇ ಹೊರತು ಬೇರೇನೂ ಅಲ್ಲ. ಅವರ ಪಿಒದಲ್ಲಿ 360 ಗಂಟೆ, ಗಂಟೆಗೆ 900, ಒಟ್ಟು 3,24,000 ರೂಪಾಯಿ, ಅವಧಿ 25 ಜೂನ್ 2025ರವರೆಗೆ ಎಂದಿತ್ತು. ಇದು ಅದೃಷ್ಟವೇ ಸರಿ. ಪಿಒ ಅವಧಿಯ ನಡುವೆ ಪತ್ರ ಬರೆದು ದರ ಏರಿಸಲು ಹೊರಟಿದ್ದರೆ, ಒಪ್ಪಿಕೊಂಡ ಕರಾರನ್ನು ಒಬ್ಬರೇ ಬದಲಿಸಲು ಹೊರಟಂತಾಗುತ್ತಿತ್ತು. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮಿನ ಪ್ರಕಾರ ಕರಾರಿನ ಷರತ್ತು ಬದಲಾಗಬೇಕಾದರೆ ಎರಡೂ ಕಡೆಯವರು ಒಪ್ಪಬೇಕು; ಒಬ್ಬರು ಎಷ್ಟು ವಿನಯದಿಂದ ಬರೆದರೂ ಅದು ಪ್ರಸ್ತಾವನೆಯಾಗಿಯೇ ಉಳಿಯುತ್ತದೆ. ಹಳೆಯ ಪಿಒ ತಾನಾಗಿಯೇ ಮುಗಿಯುವ ದಿನದ ಮರುದಿನದಿಂದ ಹೊಸ ದರವನ್ನು ಆರಂಭಿಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ. ಕೊಟ್ಟ ಮಾತು ಪೂರ್ತಿ ನಡೆದಿರುತ್ತದೆ, ಹೊಸ ಆರ್ಡರಿಗೆ ಹೊಸ ದರ ಎಂಬುದು ಸಹಜವಾಗಿ ಕಾಣುತ್ತದೆ.

ಇನ್ನು ಮೊತ್ತದ ವಿಚಾರ. ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ ಏರಿಕೆ 2021-22ರಲ್ಲಿ ಶೇ. 5.5, 2022-23ರಲ್ಲಿ ಶೇ. 6.7, 2023-24ರಲ್ಲಿ ಶೇ. 5.4, 2024-25ರಲ್ಲಿ ಶೇ. 4.6 ಇತ್ತು. ಒಂದರ ಮೇಲೊಂದು ಸೇರಿಸಿ ಲೆಕ್ಕ ಹಾಕಿದರೆ ಅಂದಿನ 900 ರೂಪಾಯಿಗೆ ಇಂದಿನ ಸಮಾನ ಮೊತ್ತ 1,117ರ ಆಸುಪಾಸು ಬರುತ್ತದೆ. ಇದನ್ನು ನೋಡಿಯೇ ಅವರು 1,100ಕ್ಕೆ ಬಂದರು. ವಾಸ್ತವದಲ್ಲಿ ಇದು ಏರಿಕೆಯೂ ಅಲ್ಲ, ಹಿಂದುಳಿದದ್ದನ್ನು ಬಹುಮಟ್ಟಿಗೆ ಸರಿದೂಗಿಸಿಕೊಂಡದ್ದು ಅಷ್ಟೇ. ಆದರೂ ಈ ಲೆಕ್ಕವನ್ನು ಪತ್ರದಲ್ಲಿ ಹಾಕಬಾರದೆಂದು ನಾನು ಸಲಹೆ ಕೊಟ್ಟೆ. ಬಿಡಿಭಾಗ ತಯಾರಿಸುವವರಿಗೆ ತಮ್ಮ ಮೇಲಿನ ದೊಡ್ಡ ಕಂಪನಿಗಳಿಂದ ಸಿಗುವ ದರ ಹಣದುಬ್ಬರದ ಹಿಂದೆಯೇ ಏರಿಕೊಂಡು ಬರುವುದಿಲ್ಲ, ಎಷ್ಟೋ ಸಲ ವರ್ಷಕ್ಕಿಷ್ಟು ಇಳಿಸಬೇಕೆಂಬ ಒತ್ತಡವೇ ಇರುತ್ತದೆ. ಅಂಥವರ ಮುಂದೆ ಸೂಚ್ಯಂಕವನ್ನು ಹಿಡಿದರೆ "ನಮಗೆ ಯಾರು ಏರಿಸಿಕೊಡುತ್ತಾರೆ" ಎಂಬ ಮಾತು ಬರುತ್ತದೆ, ಅದಕ್ಕೆ ಒಳ್ಳೆಯ ಉತ್ತರವಿಲ್ಲ. ನಾಲ್ಕು ವರ್ಷದಿಂದ ದರ ಬದಲಾಗಿಲ್ಲ ಎಂಬ ಒಂದೇ ಸಂಗತಿ ಪತ್ರಕ್ಕೆ ಸಾಕು. ಅದು ಇಬ್ಬರಿಗೂ ಗೊತ್ತಿರುವ ವಿಷಯ, ವಾದಕ್ಕೆ ಎಡೆಯಿಲ್ಲದ ವಿಷಯ.

"ಸುಮಾರು ಶೇ. 20" ಎಂಬುದನ್ನು ತೆಗೆದದ್ದು ಮಾತಿನ ಅಂದಕ್ಕಾಗಿ ಅಲ್ಲ. 900ಕ್ಕೆ ಶೇ. 20 ಸೇರಿಸಿದರೆ 1,080. 1,100 ಆಗಬೇಕಾದರೆ ಶೇ. 22ಕ್ಕಿಂತ ತುಸು ಹೆಚ್ಚು ಬೇಕು. ಪತ್ರವನ್ನು ಕೈಯಲ್ಲಿ ಹಿಡಿದು ಪಿಒ ಟೈಪ್ ಮಾಡುವ ಗುಮಾಸ್ತರು 1,080 ಎಂದೇ ಹಾಕಿಯಾರು, ಹಾಕಿದರೆ ತಪ್ಪು ಅವರದಲ್ಲ. ಶೇಕಡಾವಾರು ಅಂಕಿಗೆ ಇನ್ನೊಂದು ದೋಷವೂ ಉಂಟು. ಶೇ. 22 ಎಂದಾಗ ಕೇಳಿದವರಿಗೆ ಭಾರವೆನಿಸುತ್ತದೆ, ಗಂಟೆಗೆ ಇನ್ನೂರು ರೂಪಾಯಿ ಎಂದಾಗ ತಿಂಗಳಿಗೆ ಎಷ್ಟಾಯಿತು ಎಂದು ಅವರು ಲೆಕ್ಕ ಹಾಕತೊಡಗುತ್ತಾರೆ, ಆ ಲೆಕ್ಕದ ಉತ್ತರ ಇಲ್ಲಿ ಅಷ್ಟೇನೂ ಭಯಂಕರವಲ್ಲ. ತಿಂಗಳಿಗೆ ಸರಾಸರಿ 30 ಗಂಟೆಯಂತೆ ಈಗ 27,000 ಆಗುತ್ತಿದ್ದುದು 33,000 ಆಗುತ್ತದೆ. ಇದರ ಮೇಲಿನ ಶೇ. 18 ಜಿಎಸ್‌ಟಿಯನ್ನು ಕಾರ್ಖಾನೆಯವರು ಹೂಡುವಳಿ ತೆರಿಗೆ ಜಮೆಯಾಗಿ ಹಿಂಪಡೆಯುವುದರಿಂದ ಅವರ ನಿಜವಾದ ಹೆಚ್ಚುವರಿ ವೆಚ್ಚ ತಿಂಗಳಿಗೆ 6,000 ಮಾತ್ರ. ಗ್ರಾಹಕರು ಶಾಲೆಯೋ ಆಸ್ಪತ್ರೆಯೋ ಆಗಿದ್ದರೆ ಈ ಮಾತು ಸಲ್ಲದು. ಅವರ ಸೇವೆಗೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಇರುವುದರಿಂದ ಜಮೆ ಸಿಗುವುದಿಲ್ಲ, ದರದ ಏರಿಕೆಯ ಜೊತೆಗೆ ಅದರ ಮೇಲಿನ ತೆರಿಗೆಯೂ ಅವರ ಕೈಯಿಂದಲೇ ಹೋಗುತ್ತದೆ. ಅಂಥವರಿಗೆ ಪತ್ರ ಬರೆಯುವಾಗ ಏರಿಕೆಯನ್ನು ತೆರಿಗೆ ಸೇರಿಸಿಯೇ ಎಣಿಸಿಕೊಳ್ಳಬೇಕು.

ಇತರ ಗ್ರಾಹಕರು 1,300 ಕೊಡುತ್ತಾರೆಂಬ ಮಾತು ನಿಜವೇ ಆಗಿತ್ತು. ಆದರೆ ಆರು ವರ್ಷದ ಗ್ರಾಹಕರಿಗೆ ಅದನ್ನು ಬರೆಯುವುದೆಂದರೆ, ಇಷ್ಟು ದಿನ ನಿಮಗೆ ಉಪಕಾರ ಮಾಡಿದ್ದೇನೆ ಎಂದು ಲೆಕ್ಕ ತೋರಿಸಿದಂತೆ. ಓದಿದವರಿಗೆ ಕೃತಜ್ಞತೆಗಿಂತ ಮುಜುಗರವೇ ಹೆಚ್ಚಾದೀತು. ಜೊತೆಗೆ, ಮುಂದಿನ ವರ್ಷ ಇದು 1,300 ಆಗಲಿದೆ ಎಂಬ ಸೂಚನೆಯೂ ಅದರೊಳಗೆ ಅಡಗಿರುತ್ತದೆ. ಪಾವತಿಯ ವಿಳಂಬದ ಮಾತನ್ನು ತೆಗೆಯುವುದಕ್ಕೆ ಮಾತ್ರ ಅವರು ಸುಲಭವಾಗಿ ಒಪ್ಪಲಿಲ್ಲ. ಉದ್ಯಮ ನೋಂದಣಿ ಇರುವ ಅತಿಸಣ್ಣ ಮತ್ತು ಸಣ್ಣ ಸೇವಾದಾರರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಸಲ್ಲಬೇಕೆಂದು ಕಾನೂನೇ ಇದೆ, ಅವರ ಬಿಲ್ಲುಗಳು ಆ ಗಡುವನ್ನು ಆಗಾಗ ಮೀರುತ್ತಿದ್ದವು. ಅವರ ಪಟ್ಟು ನ್ಯಾಯವಾದದ್ದೇ. ಆದರೆ ಬೆಲೆ ಏರಿಸುವ ಕಾಗದದಲ್ಲೇ ಬಾಕಿಯ ದೂರನ್ನು ಸೇರಿಸಿದರೆ, ಏರಿಕೆಯು ವಿಳಂಬಕ್ಕೆ ವಿಧಿಸಿದ ದಂಡದಂತೆ ಕಾಣುತ್ತದೆ, ಎರಡಕ್ಕೂ ಒಟ್ಟಿಗೆ ಉತ್ತರ ಕೊಡಬೇಕಾದವರು ಎರಡನ್ನೂ ಮುಂದೂಡುತ್ತಾರೆ. ಒಂದು ಪತ್ರದಲ್ಲಿ ಒಂದೇ ಬದಲಾವಣೆ ಇರಲಿ, ಪಾವತಿಯ ವಿಷಯವನ್ನು ಹೊಸ ಪಿಒ ಬಂದ ಮೇಲೆ ಲೆಕ್ಕಪತ್ರ ವಿಭಾಗದವರೊಡನೆ ಬೇರೆಯಾಗಿ ಮಾತಾಡಿ ಎಂದೆ.

ಬೇರೊಂದು ಕೆಲಸ ನಡುವಿನಲ್ಲಿ ನಿಂತಿತ್ತು. ಉಗ್ರಾಣಕ್ಕೆ ಹೊಸ ದಾಸ್ತಾನು ವರದಿ ಸಿದ್ಧಪಡಿಸಲು ಏಪ್ರಿಲ್‌ನಲ್ಲಿ ಅವರು 40 ಗಂಟೆಗಳ ಅಂದಾಜು ಕೊಟ್ಟಿದ್ದರು. ಜೂನ್ 25ರ ವೇಳೆಗೆ ಅದರಲ್ಲಿ ಸುಮಾರು 14 ಗಂಟೆಗಳ ಕೆಲಸ ಬಾಕಿ ಉಳಿಯಬಹುದಿತ್ತು. ಕಾನೂನಿನ ಲೆಕ್ಕದಲ್ಲಿ ಅಂದಾಜು ಎಂಬುದು ಅಂದಾಜೇ, ಬದ್ಧತೆಯಲ್ಲ. ಆದರೆ ಮಾಲೀಕರ ಮನಸ್ಸಿನಲ್ಲಿ ಆ ವರದಿಗೆ 36,000 ರೂಪಾಯಿ ಎಂಬ ಅಂಕಿ ಕೂತಿದೆ. ಉಳಿದ 14 ಗಂಟೆಗೆ ಹೊಸ ದರ ಹಾಕಿದರೆ ಸಿಗುವುದು 2,800 ರೂಪಾಯಿ, ಕಳೆದುಕೊಳ್ಳುವುದು ಇನ್ನು ಮುಂದೆ ಕೊಡುವ ಪ್ರತಿ ಅಂದಾಜಿನ ಮೇಲಿನ ನಂಬಿಕೆ. ಆ ಕೆಲಸ ಮುಗಿಯುವವರೆಗೆ ಹಳೆಯ ದರವೇ ಇರಲಿ ಎಂದು ತೀರ್ಮಾನವಾಯಿತು. ಪತ್ರದಲ್ಲಿ ಈ ರಿಯಾಯಿತಿಗೆ ಸ್ಪಷ್ಟವಾದ ಮಿತಿ ಇರುವಂತೆ, ಆ ಒಂದು ವರದಿಗೆ ಮಾತ್ರ ಅದು ಸಲ್ಲುವಂತೆ ಬರೆಯುವುದು ಮುಖ್ಯವಾಗಿತ್ತು. ಇಲ್ಲವಾದರೆ ಪ್ರತಿ ಕೆಲಸವೂ ಹಳೆಯ ಕೆಲಸದ ಮುಂದುವರಿಕೆಯಾಗಿಬಿಡುತ್ತದೆ.

ಪತ್ರ ಕಳುಹಿಸುವ ಮೊದಲು, ಒಪ್ಪದಿದ್ದರೆ ಏನು ಎಂಬುದನ್ನೂ ತೀರ್ಮಾನಿಸಿಕೊಳ್ಳಬೇಕಿತ್ತು. ಈ ಕಾರ್ಖಾನೆಯಿಂದ ಬರುತ್ತಿದ್ದುದು ಅವರ ವಾರ್ಷಿಕ ಆದಾಯದ ಸುಮಾರು ಆರನೇ ಒಂದು ಪಾಲು. ಹೊಸ ದರದಲ್ಲಿ 27,000 ರೂಪಾಯಿ ದುಡಿಯಲು ಇಪ್ಪತ್ತನಾಲ್ಕೂವರೆ ಗಂಟೆ ಸಾಕು. ಎಂದರೆ ಕಾರ್ಖಾನೆಯವರು ಏರಿಕೆಗೆ ಬೇಸರಪಟ್ಟು ತಿಂಗಳಿಗೆ ಐದು ಗಂಟೆಯ ಕೆಲಸ ಕಡಿಮೆ ಮಾಡಿಕೊಂಡರೂ ಇವರ ಆದಾಯ ಇಳಿಯುವುದಿಲ್ಲ, ಕೈಗೆ ಐದು ಗಂಟೆ ಉಳಿಯುತ್ತದೆ. ಈ ಅಂಕಿ ಕೈಯಲ್ಲಿದ್ದುದರಿಂದ ಚೌಕಾಸಿ ಬಂದರೆ ದರದಲ್ಲಿ ಇಳಿಯುವುದು ಬೇಡ, ಗಂಟೆಗಳಲ್ಲಿ ಇಳಿಯೋಣ ಎಂಬ ನಿಲುವು ಸ್ಪಷ್ಟವಾಯಿತು. ಒಮ್ಮೆ 1,050ಕ್ಕೆ ಒಪ್ಪಿದರೆ ಮೊದಲು ಹೇಳಿದ 1,100 ಚೌಕಾಸಿಗೆಂದೇ ಹೇಳಿದ್ದು ಎಂದಾಗುತ್ತದೆ, ಮುಂದಿನ ಸಲದ ಪತ್ರವನ್ನೂ ಹಾಗೆಯೇ ಓದಲಾಗುತ್ತದೆ.

ಪತ್ರವನ್ನು ಜೂನ್ 2ರ ಸೋಮವಾರ ಕಳುಹಿಸುವುದೆಂದಾಯಿತು. ಆಗ ನಡೆಯುತ್ತಿದ್ದ ಅವಧಿ ಶುರುವಾಗಿ ಒಂದು ವಾರವಷ್ಟೇ ಆಗಿತ್ತು. ಮುಂದಿನ ಅವಧಿಗೆ ಇನ್ನೂ 24 ದಿನಗಳಿದ್ದವು. ಅವಧಿಯ ಕೊನೆಯ ವಾರದಲ್ಲಿ ಬರೆದರೂ ಅದು "ಮುಂದಿನ ಅವಧಿಯಿಂದ" ಎಂಬ ಮಾತಿಗೆ ಹೊಂದುತ್ತದೆ, ಆದರೆ ಯೋಚಿಸಲೂ, ಪಿಒ ಬದಲಿಸಲೂ ಸಮಯ ಕೊಡದೆ ಕೈಗೆ ಕಾಗದ ಕೊಟ್ಟಂತೆ ಆಗುತ್ತದೆ. ಅದೇ ದಿನ ಬೆಳಿಗ್ಗೆ ಅವರು ಮಾಲೀಕರಿಗೆ ಫೋನ್ ಮಾಡಿ, ಹೊಸ ಪಿಒ ಹೊತ್ತಿಗೆ ದರ ಪರಿಷ್ಕರಿಸುತ್ತಿದ್ದೇನೆ, ವಿವರವನ್ನು ಪತ್ರದಲ್ಲಿ ಕಳುಹಿಸುತ್ತೇನೆ ಎಂದು ಎರಡೇ ಮಾತಿನಲ್ಲಿ ತಿಳಿಸಿದರು. ಆರು ವರ್ಷದ ಒಡನಾಟವಿರುವ ಮನುಷ್ಯರಿಗೆ ಇಂಥ ಸುದ್ದಿ ಮೊದಲು ಕಾಗದದಲ್ಲಿ ತಲುಪಬಾರದು ಎಂಬುದು ನಮ್ಮ ಕಡೆಯ ರೀತಿ. ಹಾಗೆಂದು ಫೋನಿನಲ್ಲೇ ಅಂಕಿಗಳನ್ನು ಬಿಡಿಸುತ್ತ ಕೂತರೆ ಪತ್ರಕ್ಕೆ ಮೊದಲೇ ಚೌಕಾಸಿ ಮುಗಿದುಹೋಗುತ್ತದೆ. ಪತ್ರವನ್ನು ಮಾಲೀಕರೊಬ್ಬರಿಗೇ ಕಳುಹಿಸಿ, ಲೆಕ್ಕಪತ್ರ ವಿಭಾಗಕ್ಕೆ ಪ್ರತಿ ಹಾಕದೆ ಬಿಟ್ಟದ್ದೂ ಉದ್ದೇಶಪೂರ್ವಕವೇ. ತಾವು ನಿರ್ಧರಿಸುವ ಮೊದಲೇ ತಮ್ಮ ಸಿಬ್ಬಂದಿಗೆ ವಿಷಯ ತಿಳಿದುಹೋಗುವುದು ಯಾವ ಯಜಮಾನರಿಗೂ ಇಷ್ಟವಾಗುವುದಿಲ್ಲ.

ಕೊನೆಗೆ ಹೋದ ಪತ್ರ ಹೀಗಿತ್ತು:

> ಮಾನ್ಯರೇ,
>
> ವಿಷಯ: ಸಾಫ್ಟ್‌ವೇರ್ ನಿರ್ವಹಣಾ ಸೇವೆಯ ಗಂಟೆ ದರ, 26 ಜೂನ್ 2025ರಿಂದ
>
> ಇಂದು ಬೆಳಿಗ್ಗೆ ದೂರವಾಣಿಯಲ್ಲಿ ತಿಳಿಸಿದಂತೆ, 26 ಜೂನ್ 2025ರಂದು ಆರಂಭವಾಗುವ ಬಿಲ್ಲಿಂಗ್ ಅವಧಿಯಿಂದ ನನ್ನ ಸೇವೆಯ ದರವು ಗಂಟೆಗೆ ರೂ. 900ರ ಬದಲು ರೂ. 1,100 ಆಗಿರುತ್ತದೆ. ಜಿಎಸ್‌ಟಿ ಈಗಿನಂತೆಯೇ ಪ್ರತ್ಯೇಕ. 25 ಜೂನ್‌ವರೆಗೆ ಮಾಡಿದ ಎಲ್ಲ ಕೆಲಸಕ್ಕೂ, ಅದರ ಬಿಲ್ಲು ಜುಲೈಯಲ್ಲಿ ತಲುಪಿದರೂ, ಹಳೆಯ ದರವೇ ಅನ್ವಯಿಸುತ್ತದೆ.
>
> ಈಗಿನ ದರವು 2021ರ ಏಪ್ರಿಲ್‌ನಿಂದ ಬದಲಾಗಿಲ್ಲ. ಚಾಲ್ತಿಯಲ್ಲಿರುವ ಪರ್ಚೇಸ್ ಆರ್ಡರ್ 25 ಜೂನ್‌ಗೆ ಮುಗಿಯುತ್ತಿರುವುದರಿಂದ, ಹೊಸ ಆರ್ಡರ್‌ನೊಂದಿಗೆ ದರವನ್ನೂ ಪರಿಷ್ಕರಿಸುತ್ತಿದ್ದೇನೆ. ಇದಾದ ಮೇಲೆ 25 ಜೂನ್ 2026ರವರೆಗೆ ದರದಲ್ಲಿ ಬದಲಾವಣೆ ಇರುವುದಿಲ್ಲ.
>
> ಉಗ್ರಾಣದ ದಾಸ್ತಾನು ವರದಿಗೆ ಏಪ್ರಿಲ್‌ನಲ್ಲಿ ರೂ. 900ರ ದರದಲ್ಲಿ 40 ಗಂಟೆಗಳ ಅಂದಾಜು ಕೊಟ್ಟಿದ್ದೆ. ಆ ಅಂದಾಜಿನೊಳಗಿನ ಗಂಟೆಗಳಿಗೆ, ಅವು 26 ಜೂನ್ ನಂತರ ಬಂದರೂ, ಅದೇ ದರವಿರುತ್ತದೆ. ಸೇವೆಯ ವ್ಯಾಪ್ತಿ, 15 ನಿಮಿಷಗಳ ಎಣಿಕೆ ಮತ್ತು ತಿಂಗಳ ಗಂಟೆ ವಿವರ ಈಗಿನಂತೆಯೇ ಮುಂದುವರಿಯುತ್ತವೆ.
>
> ಹೊಸ ಪರ್ಚೇಸ್ ಆರ್ಡರ್ 20 ಜೂನ್ ಒಳಗೆ ದೊರೆತರೆ ಮೊದಲ ಬಿಲ್ಲಿಗೆ ತೊಡಕಾಗುವುದಿಲ್ಲ. ತಿಂಗಳ ವೆಚ್ಚದ ದೃಷ್ಟಿಯಿಂದ ಕೆಲಸಗಳ ಪಟ್ಟಿಯನ್ನು ಒಮ್ಮೆ ಜೊತೆಯಾಗಿ ನೋಡಬೇಕೆನಿಸಿದರೆ ಈ ವಾರದಲ್ಲಿ ತಮಗೆ ಅನುಕೂಲವಾದ ಸಮಯಕ್ಕೆ ಕರೆ ಮಾಡುತ್ತೇನೆ.
>
> ಎರಡನೇ ಘಟಕ ಆರಂಭವಾದಾಗ ಇಡೀ ದಾಸ್ತಾನು ವ್ಯವಸ್ಥೆಯನ್ನು ನನ್ನ ಕೈಗೆ ಒಪ್ಪಿಸಿದ ತಮ್ಮ ವಿಶ್ವಾಸಕ್ಕೆ ಋಣಿಯಾಗಿದ್ದೇನೆ.
>
> ವಿಶ್ವಾಸಪೂರ್ವಕ,

ಕೃತಜ್ಞತೆ ಕೊನೆಗೆ ಸರಿದದ್ದನ್ನು ಗಮನಿಸಬಹುದು. ಮೊದಲ ಕರಡಿನಲ್ಲಿ ಅದು ಕೆಟ್ಟ ಸುದ್ದಿಯ ಮುನ್ನುಡಿಯಾಗಿತ್ತು. ಅಷ್ಟು ಹೊಗಳಿಕೆ ಓದುತ್ತಿದ್ದಂತೆ ಎಂಥವರಿಗೂ ಮುಂದೇನೋ ಬರಲಿದೆ ಎಂಬ ಅನುಮಾನ ಹುಟ್ಟುತ್ತದೆ. ಈಗ ಅದು ಒಂದೇ ವಾಕ್ಯ, ಅದೂ ನಿಜವಾಗಿ ನಡೆದ ಒಂದು ಸಂಗತಿಗೆ ಸಂಬಂಧಿಸಿದ್ದು. ಇನ್ನೊಬ್ಬ ಗ್ರಾಹಕರ ಪತ್ರಕ್ಕೆ ಎತ್ತಿ ಅಂಟಿಸಲು ಬರುವಂಥದ್ದಲ್ಲ. ಕ್ಷಮೆ ಕೋರುವ ಮಾತು ಎಲ್ಲಿಯೂ ಇಲ್ಲ. "ಅಭಿಪ್ರಾಯ ತಿಳಿಸಿ" ಎಂಬುದರ ಜಾಗದಲ್ಲಿ ಎರಡು ನಿರ್ದಿಷ್ಟ ಬಾಗಿಲುಗಳಿವೆ: ಒಪ್ಪಿಗೆಯಿದ್ದರೆ ಪಿಒ ಕಳುಹಿಸುವುದು, ವೆಚ್ಚ ಹೆಚ್ಚೆನಿಸಿದರೆ ಕೆಲಸಗಳ ಪಟ್ಟಿಯ ಬಗ್ಗೆ ಮಾತಾಡುವುದು. ಒಂದು ವರ್ಷ ದರ ಬದಲಾಗದು ಎಂಬ ಭರವಸೆಗೆ ಇವರು ಮೊದಲು ಹಿಂದೇಟು ಹಾಕಿದರು. ಆದರೆ ಹೇಗೂ ಪಿಒ ಒಂದು ವರ್ಷದ್ದೇ ಆದ್ದರಿಂದ ಅದನ್ನು ಬರೆದುಕೊಟ್ಟು ಕಳೆದುಕೊಳ್ಳುವುದು ಏನೂ ಇರಲಿಲ್ಲ. ಅದಲ್ಲದೆ, ದರವನ್ನು ವರ್ಷಕ್ಕೊಮ್ಮೆ ನೋಡುವ ವಾಡಿಕೆಗೆ ಅದೇ ವಾಕ್ಯ ಸದ್ದಿಲ್ಲದೆ ಅಡಿಪಾಯ ಹಾಕುತ್ತಿತ್ತು. ನಾಲ್ಕು ವರ್ಷ ಸುಮ್ಮನಿದ್ದು ಒಮ್ಮೆಲೇ ಇನ್ನೂರು ಏರಿಸುವುದಕ್ಕಿಂತ ವರ್ಷಕ್ಕೆ ನಲವತ್ತೈವತ್ತು ಏರಿಸುವುದು ಎರಡೂ ಕಡೆಗೆ ಹಗುರ.

ಮೂರನೆಯ ದಿನ ಮಾಲೀಕರೇ ಕರೆ ಮಾಡಿದರು. "ಮೇಡಂ, ಸಾವಿರಕ್ಕ ಮುಗಸ್ರಿ, ನಮ್ಮ ನಿಮ್ಮ ಸಂಬಂಧ ಇವತ್ತಿಂದೇನಲ್ಲ" ಎಂದರು. ನಿರೀಕ್ಷಿಸಿದ್ದೇ ಆದ್ದರಿಂದ ಇವರು ತಡವರಿಸಲಿಲ್ಲ. "ಸರ್, ದರ ಅಷ್ಟೇ ಇರಲಿ, ನಿಮ್ಮ ತಿಂಗಳ ಖರ್ಚು ಹೇಗೆ ಕಡಿಮೆ ಮಾಡಬಹುದು ಅಂತ ನೋಡೋಣ" ಎಂದು, ಹಿಂದಿನ ಆರು ತಿಂಗಳ ಗಂಟೆ ವಿವರವನ್ನು ಮುಂದಿಟ್ಟರು. ಅದರಲ್ಲಿ ತಿಂಗಳಿಗೆ ಸುಮಾರು ಮೂರು ಗಂಟೆ ದಿನನಿತ್ಯದ ಬ್ಯಾಕಪ್ ಸರಿಯಾಗಿ ಆಗಿದೆಯೇ ಎಂದು ನೋಡುವುದಕ್ಕೇ ಹೋಗುತ್ತಿತ್ತು. ಪರದೆಯ ಮೇಲೆ ಒಂದು ಸಾಲು ನೋಡಿ ದಾಖಲಿಸುವ ಆ ಕೆಲಸವನ್ನು ಕಾರ್ಖಾನೆಯ ಸ್ಟೋರ್ಸ್ ಸಿಬ್ಬಂದಿಯೊಬ್ಬರು ಮಾಡಬಹುದಿತ್ತು. ತೊಂದರೆ ಕಂಡಾಗ ಮಾತ್ರ ಇವರಿಗೆ ತಿಳಿಸಿದರೆ ಸಾಕಿತ್ತು. ಹಾಗೆ ಮಾಡಿದರೆ ತಿಂಗಳಿಗೆ 27 ಗಂಟೆ, 29,700 ರೂಪಾಯಿ. ಈಗಿನದಕ್ಕಿಂತ 2,700 ಹೆಚ್ಚು, 6,000 ಅಲ್ಲ. ಮಾಲೀಕರು ಅದಕ್ಕೆ ಒಪ್ಪಿದರು. "ರೇಟಿಂದು ಮುಗೀತ್ರಿ, ಆದ್ರ ಪಿಒ ಇಲ್ಲದ ಬಿಲ್ ಹಾಕಬ್ಯಾಡ್ರಿ, ನಮ್ಮ ಅಕೌಂಟ್ಸ್‌ನವ್ರು ಪಾಸ್ ಮಾಡೂದಿಲ್ಲ" ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಇವರು ಅದೇ ಸಂಜೆ, ಮಾತಾದದ್ದನ್ನೆಲ್ಲ ನಾಲ್ಕು ಸಾಲಿನಲ್ಲಿ ಇಮೇಲ್ ಮಾಡಿ, ಈ ಬಾರಿ ಲೆಕ್ಕಪತ್ರ ವಿಭಾಗಕ್ಕೂ ಪ್ರತಿ ಹಾಕಿದರು.

ಇಷ್ಟಾದ ಮೇಲೆ ಪ್ರಕರಣ ಮುಗಿದಂತೆಯೇ ಎಂದು ಅನ್ನಿಸಬಹುದು. ಪಿಒ ಬಂದದ್ದು ಜೂನ್ ಕೊನೆಯಲ್ಲಿ. ಅದರಲ್ಲಿ 324 ಗಂಟೆ, ಗಂಟೆಗೆ 1,100, ಒಟ್ಟು 3,56,400 ಎಂದು ಸರಿಯಾಗಿಯೇ ಇತ್ತು, ಆದರೆ ತೆರಿಗೆಯ ಅಂಕಣದಲ್ಲಿ "ಎಲ್ಲ ತೆರಿಗೆಗಳೂ ಸೇರಿ" ಎಂದು ಅಚ್ಚಾಗಿತ್ತು. ಮೋಸವೇನಿಲ್ಲ, ಬೇರೊಬ್ಬ ಸರಬರಾಜುದಾರರ ನಮೂನೆಯ ಮೇಲೆಯೇ ಟೈಪ್ ಮಾಡಿದ್ದರು, ಅಷ್ಟೇ. ಅದನ್ನು ಹಾಗೆಯೇ ಒಪ್ಪಿಕೊಂಡಿದ್ದರೆ 1,100ರೊಳಗೇ ಶೇ. 18 ತೆರಿಗೆ ಸೇರಿ, ಇವರ ನಿಜವಾದ ದರ 932 ರೂಪಾಯಿಗೆ ಇಳಿಯುತ್ತಿತ್ತು. ಇಷ್ಟೆಲ್ಲ ಎಚ್ಚರದಿಂದ ಬರೆದು, ಮಾತಾಡಿ ಪಡೆದ ಇನ್ನೂರು ರೂಪಾಯಿಯ ಏರಿಕೆಯಲ್ಲಿ ಕೈಗೆ ಸಿಗುತ್ತಿದ್ದುದು ಮೂವತ್ತೆರಡು. ದರ ಏರಿಕೆಯ ಬಗ್ಗೆ ಯೋಚಿಸುವವರು ಪತ್ರದ ಭಾಷೆಗೆ ಕೊಡುವ ಗಮನದ ಅರ್ಧವನ್ನಾದರೂ ಪಿಒದ ಆ ಒಂದು ಅಂಕಣಕ್ಕೆ ಕೊಡಬೇಕೆಂದು ನನ್ನ ಅನುಭವ ಹೇಳುತ್ತದೆ. "ಜಿಎಸ್‌ಟಿ ಈಗಿನಂತೆಯೇ ಪ್ರತ್ಯೇಕ" ಎಂಬ ಮೂರು ಪದಗಳು ಪತ್ರದಲ್ಲಿ ಇದ್ದುದರಿಂದ, ಅದನ್ನು ತೋರಿಸಿ ಒಂದು ಸಾಲು ಬರೆದೊಡನೆ ತಿದ್ದಿದ ಪಿಒ ಬಂತು. ಆ ಪದಗಳು ಇಲ್ಲದಿದ್ದರೆ ಮಾಲೀಕರ ಬಳಿಗೆ ಮತ್ತೆ ಹೋಗಬೇಕಾಗುತ್ತಿತ್ತು, ಏರಿಕೆಯ ಮಾತು ಎರಡನೆಯ ಸಲ ಏಳುತ್ತಿತ್ತು.

ದಾಸ್ತಾನು ವರದಿಯ 14 ಗಂಟೆಗಳನ್ನು ಹೊಸ ಪಿಒದ ಬಿಲ್ಲಿನಲ್ಲೇ ಬೇರೆ ಸಾಲಾಗಿ ತೋರಿಸಬಹುದೆಂದು ನಾವು ಎಣಿಸಿದ್ದೆವು. ಲೆಕ್ಕಪತ್ರ ವಿಭಾಗದವರು ಅದಕ್ಕೆ ಒಪ್ಪಲಿಲ್ಲ: ಒಂದು ಪಿಒಗೆ ಒಂದೇ ದರ, ಹಾಗಾಗಿ 900ರ ಗಂಟೆಗಳು ಹಳೆಯ ಪಿಒ ಸಂಖ್ಯೆಯ ಮೇಲೆಯೇ ಬರಬೇಕು ಎಂದರು. ಹಳೆಯ ಪಿಒದಲ್ಲಿ ಮೊತ್ತ ಇನ್ನೂ ಉಳಿದಿತ್ತು, ಮುಗಿದಿದ್ದುದು ಅವಧಿ ಮಾತ್ರ. ಅದರ ಅವಧಿಯನ್ನು ಜುಲೈ ಕೊನೆಯವರೆಗೆ ವಿಸ್ತರಿಸಿಕೊಟ್ಟರು. ಹೀಗೆ ಜೂನ್ 26ರಿಂದ ಜುಲೈ 25ರವರೆಗಿನ ಅವಧಿಗೆ ಎರಡು ಬಿಲ್ಲುಗಳು ಹೋದವು. ಹಳೆಯ ಪಿಒದ ಮೇಲೆ 14 ಗಂಟೆಗೆ 12,600, ತೆರಿಗೆ 2,268, ಒಟ್ಟು 14,868. ಹೊಸದರ ಮೇಲೆ 17 ಗಂಟೆಗೆ 18,700, ತೆರಿಗೆ 3,366, ಒಟ್ಟು 22,066. ಎರಡಕ್ಕೂ ಕೆಲಸದ ದಿನಾಂಕವಾರು ಗಂಟೆ ವಿವರ ಲಗತ್ತಾಗಿತ್ತು, ಯಾವ ಗಂಟೆ ಯಾವ ಪಿಒಗೆ ಎಂಬುದನ್ನು ಪಕ್ಕದಲ್ಲೇ ಬರೆಯಲಾಗಿತ್ತು. ಟಿಡಿಎಸ್ ಮೊದಲಿನಂತೆ ತಾಂತ್ರಿಕ ಸೇವೆಯ ಲೆಕ್ಕದಲ್ಲಿ ಶೇ. 2, ಅದೂ ತೆರಿಗೆಗೆ ಮುಂಚಿನ 31,300ರ ಮೇಲೆ 626 ರೂಪಾಯಿ ಕಡಿತವಾಗಿ, 36,308 ರೂಪಾಯಿ ಅವರ ಖಾತೆಗೆ ಬಂತು.

ಪಾವತಿ ವಿಳಂಬದ ವಿಷಯವನ್ನು ಅವರು ಆಗಸ್ಟ್‌ನಲ್ಲಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರೊಂದಿಗೆ ಎತ್ತಿದರು. ಅತಿಸಣ್ಣ, ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ಅದು ನಿಜವಾಗಿ ಪಾವತಿಯಾಗುವ ವರ್ಷದವರೆಗೆ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಲಾಗದು ಎಂಬ ನಿಯಮ ಆ ಮುಖ್ಯಸ್ಥರಿಗೆ ಚೆನ್ನಾಗಿಯೇ ಗೊತ್ತಿತ್ತು. ಇವರಿಗೆ ಉದ್ಯಮ ನೋಂದಣಿ ಇದೆ ಎಂಬುದು ಮಾತ್ರ ತಿಳಿದಿರಲಿಲ್ಲ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ತಲೆಬರಹದಲ್ಲೇ ಹಾಕಿ ಕಳುಹಿಸಲು ಅವರೇ ಸೂಚಿಸಿದರು.